ಪರೀಕ್ಷೆಯಲ್ಲಿ 71, ಖಾತೆಯಲ್ಲಿ 49: ಉಕ್ಕಿನ ಷೇರಿನ ಮಾಡೆಲ್ ಎಲ್ಲಿ ಸೋತಿತು?

ಪ್ರಶ್ನೆ: ನಮ್ದು ಸಂಡೂರು. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಮುಗಿಸೀನಿ. ಜೆಎಸ್‌ಡಬ್ಲ್ಯು ಸ್ಟೀಲ್ ಷೇರಿನ 12 ವರ್ಷದ ದಿನದ ಬೆಲೆ ಹಾಕಿ, ಐದು ದಿನ ಆದ ಮೇಲೆ ಏರ್ತದೋ ಇಳೀತದೋ ಅಂತ ಹೇಳೋ ರ‍್ಯಾಂಡಮ್ ಫಾರೆಸ್ಟ್ ಮಾಡೆಲ್ ಮಾಡಿದೆ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 71 ಸರಿ ಬಂತು. ಆಮೇಲೆ ಕೊನೇ ಒಂದು ವರ್ಷ ಬೇರೆ ಇಟ್ಟು, ಒಂದು 40 ಸೆಟ್ಟಿಂಗ್ ಬದಲಿಸಿ ನೋಡಿದಾಗ ಚಲೋ ಬಂದದ್ದು 57. ನಾಲ್ಕು ತಿಂಗಳಿಂದ ದುಡ್ಡು ಹಾಕಿ ಆಡ್ತಾ ಇದ್ದೀನಿ, 49ಕ್ಕೆ ಬಂದು ನಿಂತದೆ. ಮಾಡೆಲ್ ಹಳೇದಾಯ್ತಾ ಸರ್? ಎಲ್‌ಎಸ್‌ಟಿಎಂ ಹಾಕಿದ್ರೆ ಸರಿಹೋಗ್ತದಾ?

ಉತ್ತರ: ಎಲ್‌ಎಸ್‌ಟಿಎಂ ಎಂಬ ನರಜಾಲ ಮಾಡೆಲ್ ಹಾಕಿದರೆ ಸರಿಹೋಗುವುದಿಲ್ಲ. ನೀವು ಕೊಟ್ಟ ಮೂರು ಅಂಕಿಗಳನ್ನು ಒಂದೊಂದಾಗಿ ಬಿಡಿಸಿದರೆ ಕಾರಣ ಗೊತ್ತಾಗುತ್ತದೆ. 71 ಎನ್ನುವುದು ಯಾವತ್ತೂ ನಿಜವಾಗಿರಲಿಲ್ಲ. 57ನ್ನು ಅದೃಷ್ಟದಿಂದ ಬೇರ್ಪಡಿಸಲು ಆಗುವುದಿಲ್ಲ. ಮಾಡೆಲ್ ಕೆಟ್ಟಿತು ಅನ್ನುವುದಕ್ಕೆ 49 ಕೂಡ ಪುರಾವೆಯಲ್ಲ.

71ರಿಂದ ಶುರು ಮಾಡೋಣ. ಡೇಟಾವನ್ನು ಕಲಿಕೆಗೆ ಇಷ್ಟು, ಪರೀಕ್ಷೆಗೆ ಇಷ್ಟು ಎಂದು ಒಡೆಯಲು ಬಹುಶಃ `train_test_split` ಬಳಸಿರುತ್ತೀರಿ. ಬೇಡ ಎಂದು ಹೇಳದಿದ್ದರೆ ಅದು ಸಾಲುಗಳನ್ನು ಕಲಸಿಯೇ ಹಂಚುತ್ತದೆ. ಬೆಕ್ಕು-ನಾಯಿ ಚಿತ್ರಗಳಿಗೆ ಅದರಿಂದ ತೊಂದರೆಯಿಲ್ಲ. ನಿಮ್ಮ ಗುರಿ ಮಾತ್ರ 'ಐದು ವಹಿವಾಟು ದಿನದ ನಂತರದ ದಿಕ್ಕು'. ಈ ಸೋಮವಾರದ ಸಾಲಿನ ಉತ್ತರ ಮುಂದಿನ ಸೋಮವಾರದ ಬೆಲೆಯಲ್ಲಿದೆ, ಮಂಗಳವಾರದ್ದು ಮುಂದಿನ ಮಂಗಳವಾರದಲ್ಲಿದೆ. ಈ ಎರಡು ಅವಧಿಗಳ ಐದು ದಿನಗಳಲ್ಲಿ ನಾಲ್ಕು ದಿನ ಒಂದೇ. ಕಲಸಿ ಹಂಚಿದಾಗ ಸೋಮವಾರ ಕಲಿಕೆಗೆ ಹೋಗಿ ಮಂಗಳವಾರ ಪರೀಕ್ಷೆಗೆ ಬರುತ್ತದೆ. 20 ದಿನದ ಸರಾಸರಿ, ಏರಿಳಿತದ ಬಿರುಸು ಅಳೆಯುವ ಆರ್‌ಎಸ್‌ಐ ಮುಂತಾದ ನಿಮ್ಮ ಸೂಚಕಗಳೂ ದಿನದಿಂದ ದಿನಕ್ಕೆ ಸ್ವಲ್ಪವೇ ಬದಲಾಗುತ್ತವೆ. ಹಾಗಾಗಿ ಫಾರೆಸ್ಟ್ ಮಾರುಕಟ್ಟೆಯನ್ನು ಕಲಿಯುವ ಗೋಜಿಗೇ ಹೋಗುವುದಿಲ್ಲ. ಮಂಗಳವಾರದ ಸಾಲು ಕೈಗೆ ಬಂದ ಕೂಡಲೇ ಅದನ್ನೇ ಹೋಲುವ ಸೋಮವಾರವನ್ನು ಹುಡುಕಿ ಅದರ ಉತ್ತರವನ್ನು ನಕಲು ಮಾಡುತ್ತದೆ.

ಸರಿಯಾದ ಕ್ರಮ ಹೀಗೆ: ಕಾಲಕ್ರಮದಲ್ಲಿ ಮೊದಲ ಭಾಗದಿಂದ ಕಲಿತು ನಂತರದ ಭಾಗದಲ್ಲಿ ಪರೀಕ್ಷಿಸಬೇಕು. ಎರಡರ ನಡುವೆ, ಉತ್ತರ ಎಷ್ಟು ದಿನ ಮುಂದಿದೆಯೋ ಅಷ್ಟು ಸಾಲುಗಳನ್ನು ಬಿಟ್ಟುಬಿಡಬೇಕು. ಬಿಡದಿದ್ದರೆ ಕಲಿಕೆಯ ಕೊನೆಯ ಸಾಲುಗಳ ಉತ್ತರ ಪರೀಕ್ಷೆಯ ಅವಧಿಯೊಳಗೆ ಚಾಚಿಕೊಂಡಿರುತ್ತದೆ.

```python
from sklearn.model_selection import TimeSeriesSplit
cv = TimeSeriesSplit(n_splits=6, gap=5)
```

ಭವಿಷ್ಯದ ಉತ್ತರ ಹೀಗೆ ಕಲಿಕೆಯೊಳಗೆ ಸೋರುವುದು ಪೂರ್ತಿ ನಿಂತಿತೇ ಎಂದು ತಿಳಿಯಲು ಕಣ್ಣಳತೆ ಸಾಲದು. ಅದಕ್ಕೊಂದು ಖಚಿತ ಪರೀಕ್ಷೆ ಇದೆ: ನಿಮ್ಮ ಇಡೀ ಪ್ರೋಗ್ರಾಮಿಗೆ ನಿಜವಾದ ಷೇರಿನ ಬದಲು ಸುಳ್ಳು ಬೆಲೆ ಉಣಿಸಿ. ಪ್ರತಿದಿನದ ಏರಿಳಿತವನ್ನು ಕಂಪ್ಯೂಟರ್ ತನಗೆ ಬಂದಂತೆ ಆರಿಸಿದ ಬೆಲೆಯದು. ಅದರಲ್ಲಿ ಊಹಿಸಲು ಏನೂ ಇಲ್ಲ ಎನ್ನುವುದು ನಮಗೆ ಮೊದಲೇ ಗೊತ್ತು.

```python
import numpy as np, pandas as pd
rng = np.random.default_rng(7)
r = rng.normal(0, 0.02, 3000)
price = pd.Series(100 * np.exp(np.cumsum(r)))
y = (price.shift(-5) > price).astype(int).iloc[:-5]
```

ಸೂಚಕ, ವಿಂಗಡಣೆ, ತರಬೇತಿ ಯಾವುದನ್ನೂ ಮುಟ್ಟದೆ ಇದನ್ನು ಓಡಿಸಿ. `default_rng` ಒಳಗಿನ ಸಂಖ್ಯೆಯನ್ನು ಬದಲಿಸುತ್ತಾ ಇಪ್ಪತ್ತು ಸಲ ಓಡಿಸಿದರೆ ಇನ್ನೂ ಒಳ್ಳೆಯದು. ಇಪ್ಪತ್ತರ ಸರಾಸರಿ 50ರ ಆಸುಪಾಸು ನಿಲ್ಲಬೇಕು. ಅದಕ್ಕಿಂತ ಸಾಕಷ್ಟು ಮೇಲೆ ಬಂದರೆ ಭವಿಷ್ಯ ಎಲ್ಲೋ ಒಳಗೆ ನುಸುಳಿದೆ ಎಂದೇ ಅರ್ಥ. ನಿಮ್ಮ ಹಳೆಯ ವಿಂಗಡಣೆಯಲ್ಲಿ ಇದನ್ನು ಓಡಿಸಿ, ಆಮೇಲೆ `gap=5` ಹಾಕಿ ಓಡಿಸಿ. ವ್ಯತ್ಯಾಸ ಎದ್ದು ಕಾಣುತ್ತದೆ.

ಡೇಟಾ ಫೈಲಿನಲ್ಲೇ ಕೂತಿರುವ ಎರಡು ತೊಂದರೆಗಳನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. 2017ರ ಜನವರಿ ಮೊದಲ ವಾರದಲ್ಲಿ ಈ ಷೇರು ಒಡೆಯಿತು. 10 ರೂಪಾಯಿ ಮುಖಬೆಲೆಯ ಒಂದು ಷೇರು 1 ರೂಪಾಯಿಯ ಹತ್ತು ಷೇರಾಯಿತು. ಫೈಲು ಇದಕ್ಕೆ ಹೊಂದಿಸಿದ್ದಲ್ಲದಿದ್ದರೆ ಆ ದಿನ ಬೆಲೆ ಶೇ. 90 ಬಿದ್ದಂತೆ ಕಾಣುತ್ತದೆ. ಆ ಒಂದು ಸುಳ್ಳು ಕುಸಿತ ಮುಂದಿನ 20 ದಿನದ ಸರಾಸರಿಯನ್ನೂ ಏರಿಳಿತದ ಲೆಕ್ಕವನ್ನೂ ಕೆಡಿಸುತ್ತದೆ. ದಿನದ ಬದಲಾವಣೆ ಶೇ. 15 ಮೀರಿದ ಸಾಲುಗಳನ್ನೆಲ್ಲ ತೆಗೆದು ಕೈಯಾರೆ ನೋಡಿ, ಹೆಚ್ಚು ಇರುವುದಿಲ್ಲ.

ಎರಡನೆಯದು 'ಕ್ಲೋಸ್' ಬೆಲೆ. ನಿಮ್ಮ ಎನ್‌ಎಸ್‌ಇ ಫೈಲಿನಲ್ಲಿರುವ ಕ್ಲೋಸ್ ಎಂದರೆ ಕೊನೆಯ ವಹಿವಾಟಿನ ಬೆಲೆಯಲ್ಲ. ಮಧ್ಯಾಹ್ನ 3ರಿಂದ 3.30ರವರೆಗಿನ ವಹಿವಾಟುಗಳ, ಪ್ರಮಾಣಕ್ಕೆ ತಕ್ಕಂತೆ ತೂಗಿದ ಸರಾಸರಿ. ಅಂದರೆ ಮಾರುಕಟ್ಟೆ ಮುಚ್ಚಿದ ಮೇಲಷ್ಟೇ ಗೊತ್ತಾಗುವ ಅಂಕಿ ಅದು. ಅದನ್ನು ಹಾಕಿ ಸೂಚಕ ಲೆಕ್ಕ ಮಾಡಿ, ಅದೇ ಬೆಲೆಗೆ ಕೊಂಡೆ ಎಂದು ಪರೀಕ್ಷೆಯಲ್ಲಿ ಬರೆದುಕೊಂಡರೆ, ನಿಮಗೆ ಸಾಮಾನ್ಯವಾಗಿ ಸಿಗದ ಬೆಲೆಗೆ ಕೊಂಡ ಹಾಗಾಯಿತು. ನಿಮಗೆ ಸಾಮಾನ್ಯವಾಗಿ ಸಿಗುವುದು ಮರುದಿನ ಬೆಳಿಗ್ಗೆ 9.15ರ ನಂತರದ ಬೆಲೆ, ರಾತ್ರಿ ಬಂದ ಸುದ್ದಿಯೆಲ್ಲ ಸೇರಿದ ಮೇಲೆ. ಉತ್ತರವನ್ನು ಮರುದಿನದ ಓಪನ್‌ನಿಂದ ಲೆಕ್ಕ ಹಾಕಿ. ಎಷ್ಟೋ 'ಲಾಭದ' ಮಾಡೆಲ್‌ಗಳು ಇದೊಂದೇ ತಿದ್ದುಪಡಿಗೆ ಮಕಾಡೆ ಮಲಗುತ್ತವೆ.

ಈಗ 57. ಬೇರೆ ಇಟ್ಟ ವರ್ಷದಲ್ಲಿ ಸುಮಾರು 250 ಸಾಲು ಇದ್ದವು ಅಂದುಕೊಳ್ಳೋಣ. ಅವಧಿಗಳು ಒಂದರ ಮೇಲೊಂದು ಹತ್ತಿಕೊಂಡಿರುವುದರಿಂದ ಅವು 250 ಬೇರೆ ಬೇರೆ ಸಾಕ್ಷಿಗಳಲ್ಲ. ಒಂದಕ್ಕೊಂದು ತಾಗದ ಐದು ದಿನದ ಅವಧಿಗಳು ವರ್ಷಕ್ಕೆ ಬರೀ 50. ನಾಣ್ಯವನ್ನು 50 ಸಲ ಚಿಮ್ಮಿದರೆ ಸರಿ ಬರುವ ಪ್ರಮಾಣದ ಸಹಜ ಅಲುಗಾಟ 0.5 ಭಾಗಿಸು √50, ಅಂದರೆ ಸುಮಾರು ಶೇ. 7. ಏನೂ ತಿಳಿಯದ ಮಾಡೆಲ್ ಕೂಡ 43ರಿಂದ 57ರ ನಡುವೆ ಎಲ್ಲಿ ಬೇಕಾದರೂ ಬಂದು ನಿಲ್ಲಬಹುದು, ಅದೂ ಒಂದೇ ಸಲ ಪ್ರಯತ್ನಿಸಿದಾಗ. ನೀವು 40 ಸೆಟ್ಟಿಂಗ್ ನೋಡಿ ಚಲೋದನ್ನು ಆರಿಸಿದ್ದೀರಿ. ಏನೂ ತಿಳಿಯದ, ಒಂದಕ್ಕೊಂದು ಸಂಬಂಧವಿಲ್ಲದ 40 ಮಾಡೆಲ್‌ಗಳಲ್ಲಿ ಅತ್ಯುತ್ತಮದ್ದು ಬರೀ ಅದೃಷ್ಟದಿಂದಲೇ 65ರ ಹತ್ತಿರ ಹೋಗುತ್ತದೆ. ನಿಮ್ಮ 40 ಸೆಟ್ಟಿಂಗ್‌ಗಳು ಒಂದೇ ಮನೆಯ ಅಣ್ಣತಮ್ಮಂದಿರಾದ್ದರಿಂದ ಅಷ್ಟು ದೂರ ಹೋಗಲಿಕ್ಕಿಲ್ಲ, ಆದರೆ 57 ಮುಟ್ಟಲು ಅವುಗಳಿಗೆ ಜಾಣತನ ಬೇಕಿಲ್ಲ. ಆ ವರ್ಷ ಷೇರು ಒಟ್ಟಾರೆ ಏರಿದ್ದರೆ ಇನ್ನೊಂದು ಲೆಕ್ಕವೂ ಸೇರುತ್ತದೆ: ಕಣ್ಣುಮುಚ್ಚಿ ಪ್ರತಿದಿನ 'ಏರುತ್ತದೆ' ಎಂದವನಿಗೆ ಎಷ್ಟು ಬರುತ್ತಿತ್ತು? ಅದೇ 56 ಬಂದಿದ್ದರೆ ನಿಮ್ಮ ಮಾಡೆಲ್‌ನ ಗಳಿಕೆ ಒಂದೇ ಅಂಕ.

ನಾಲ್ಕು ತಿಂಗಳ 49ಕ್ಕೂ ಇದೇ ತಕ್ಕಡಿ. ಸುಮಾರು 80 ವಹಿವಾಟು ದಿನ, ಸ್ವತಂತ್ರ ಅವಧಿ 16, ಅಲುಗಾಟ ಶೇ. 12.5. ನಿಜವಾಗಿಯೂ 57ರ ಮಾಡೆಲ್ ಆಗಿದ್ದರೂ ನಾಲ್ಕು ತಿಂಗಳು 49 ಬರುವುದು ಮಾಮೂಲು. ಮಾಡೆಲ್ 'ಹಳೇದಾಯ್ತು' ಎಂದು ಹೇಳಬೇಕಾದರೆ ಅದು ಒಂದು ಕಾಲಕ್ಕೆ ಹೊಸದಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಿರಬೇಕು. ಅಂಥ ದಾಖಲೆ ನಿಮ್ಮ ಬಳಿ ಇನ್ನೂ ಇಲ್ಲ.

ಹಾಗಿದ್ದರೆ ಎಷ್ಟು ಡೇಟಾ ಸಾಕು? ಅದಕ್ಕೂ ಮುಂಚೆ, ಎಷ್ಟು ಸರಿ ಬಂದರೆ ದುಡ್ಡು ಉಳಿಯುತ್ತದೆ ಎಂದು ನೋಡಬೇಕು. 50,000 ರೂಪಾಯಿಯ ಷೇರು ಡೆಲಿವರಿಯಲ್ಲಿ ಕೊಂಡು ವಾರದಲ್ಲಿ ಮಾರುತ್ತೀರಿ ಎನ್ನಿ. ಎಸ್‌ಟಿಟಿ ಎಂಬ ಷೇರು ವಹಿವಾಟಿನ ತೆರಿಗೆ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1, ಒಟ್ಟು 100 ರೂಪಾಯಿ. ಕೊಳ್ಳುವಾಗಿನ ಸ್ಟ್ಯಾಂಪ್ ಡ್ಯೂಟಿ ಶೇ. 0.015, ಅಂದರೆ ಏಳೂವರೆ ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ, ಮಾರುವಾಗ ಕಡಿತವಾಗುವ ಡಿಮ್ಯಾಟ್ ಖಾತೆಯ ಡಿಪಿ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಎಲ್ಲ ಸೇರಿಸಿದರೆ, ಬ್ರೋಕರೇಜ್ ಸೊನ್ನೆ ಎಂದುಕೊಂಡರೂ ಸುಮಾರು 125 ರೂಪಾಯಿ. ಇದು ಶೇ. 0.25.

ಗಳಿಕೆಯ ಕಡೆ ಬನ್ನಿ. ಷೇರಿನ ದಿನದ ಏರಿಳಿತ ಶೇ. 2 ಎಂದಿಟ್ಟರೆ ಐದು ದಿನದ್ದು ಅದರ √5 ಪಟ್ಟು, ಶೇ. 4.5ರಷ್ಟು. ಒಂದು ಅವಧಿಯಲ್ಲಿ ಬೆಲೆ ಯಾವ ಕಡೆಗಾದರೂ ಸರಾಸರಿ ಶೇ. 3.6ರಷ್ಟು ಸರಿಯುತ್ತದೆ. ನೂರಕ್ಕೆ 53 ಸರಿಯಾದರೆ 47 ತಪ್ಪು; ವ್ಯತ್ಯಾಸ 6. ಶೇ. 3.6ರಲ್ಲಿ ನೂರಕ್ಕೆ 6 ಎಂದರೆ ಶೇ. 0.22. ಖರ್ಚಿಗೆ ಅದೂ ಸಾಲಲಿಲ್ಲ. 53 ಸರಿ ಬಂದವನು ಇನ್ನೂ ಕೈಯಿಂದಲೇ ಕಟ್ಟುತ್ತಿದ್ದಾನೆ. 55ಕ್ಕೆ ಬಂದರೆ ಗಳಿಕೆ ಶೇ. 0.36, ಖರ್ಚು ಕಳೆದು ಉಳಿದದ್ದು ಶೇ. 0.11. ಇನ್ನೊಂದು ಮಾತು: ಡೆಲಿವರಿಯಲ್ಲಿ ಇಲ್ಲದ ಷೇರನ್ನು ಮಾರುವಂತಿಲ್ಲ. ಹಾಗಾಗಿ 'ಇಳಿಯುತ್ತದೆ' ಎಂದು ಸರಿಯಾಗಿ ಹೇಳಿದ ದಿನಗಳಿಂದ ನಿಮಗೆ ನಷ್ಟ ತಪ್ಪುತ್ತದೆಯೇ ಹೊರತು ಲಾಭ ಬರುವುದಿಲ್ಲ. 'ಏರುತ್ತದೆ' ಎಂದ ದಿನಗಳ ಸರಿ-ತಪ್ಪನ್ನು ಬೇರೆಯೇ ಎಣಿಸಿ.

ಈಗ ಡೇಟಾ ಎಷ್ಟು ಬೇಕು ಎಂಬ ಲೆಕ್ಕ. 55 ಎನ್ನುವುದು 50ಕ್ಕಿಂತ ನಿಜವಾಗಿ ಮೇಲಿದೆ ಎಂದು ಸುಮಾರಾದ ಭರವಸೆಯಿಂದ ಹೇಳಲು ಆ 5 ಅಂಕದ ಅಂತರ ಅಲುಗಾಟದ ಎರಡು ಪಟ್ಟಾದರೂ ಇರಬೇಕು. ಅಂದರೆ ಅಲುಗಾಟ ಶೇ. 2.5ಕ್ಕೆ ಇಳಿಯಬೇಕು. ಅದಕ್ಕೆ 400 ಸ್ವತಂತ್ರ ಅವಧಿ ಬೇಕು, ವರ್ಷಕ್ಕೆ 50ರಂತೆ ಎಂಟು ವರ್ಷ. ಕಲಿಕೆಗಲ್ಲ, ಬರೀ ಪರೀಕ್ಷೆಗೆ.

ಗಂಟು ಬಿಗಿಯುವುದು ಇಲ್ಲೇ. ಗದ್ದಲ ಇಷ್ಟೊಂದು ಇರುವಲ್ಲಿ ಸಣ್ಣ ಸತ್ಯ ಕಾಣಬೇಕಾದರೆ ಎಂಟು-ಹತ್ತು ವರ್ಷದ ಡೇಟಾ ಬೇಕು. ಆ ಎಂಟು-ಹತ್ತು ವರ್ಷ ಮಾರುಕಟ್ಟೆ ಒಂದೇ ತರಹ ಇರುವುದಿಲ್ಲ.

ನಿಮ್ಮ ತಾಲ್ಲೂಕಿನ ಮಣ್ಣಿನದೇ ಉದಾಹರಣೆ ತೆಗೆದುಕೊಳ್ಳಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಇಲ್ಲಿಯ ಅದಿರು ಇ-ಹರಾಜಿನಲ್ಲಿ ಮಾತ್ರ, ದೇಶದೊಳಗಿನ ಬಳಕೆಗೆ ಎಂಬ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು. 2022ರ ಮೇ 20ರಂದು ಅದೇ ಕೋರ್ಟ್ ನೇರ ಮಾರಾಟಕ್ಕೂ ರಫ್ತಿಗೂ ದಾರಿ ಬಿಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿ, ಹಲವು ಬಗೆಯ ಉಕ್ಕಿನ ಮೇಲೆ ಶೇ. 15 ಹಾಕಿತು. ಮೇ 21 ಶನಿವಾರ. ಸೋಮವಾರ ಮಾರುಕಟ್ಟೆ ತೆರೆದಾಗ ಉಕ್ಕಿನ ಷೇರುಗಳು ಒಂದೇ ದಿನಕ್ಕೆ ಶೇ. 10ಕ್ಕೂ ಹೆಚ್ಚು ಕುಸಿದವು. ಅದೇ ನವೆಂಬರ್ 19ರಿಂದ ಉಕ್ಕಿನ ಸುಂಕ ಮತ್ತೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಆಮದಾಗುವ ಹಲವು ಉಕ್ಕಿನ ಉತ್ಪನ್ನಗಳ ಮೇಲೆ ಶೇ. 12ರ ತಾತ್ಕಾಲಿಕ ರಕ್ಷಣಾ ಸುಂಕ ಬಂತು.

ಸೋಮವಾರದ ಕುಸಿತವನ್ನು ಮಾಡೆಲ್ ಹೇಳಲಿಲ್ಲವಲ್ಲ ಎಂದು ಬೇಸರಪಡಬೇಕಾಗಿಲ್ಲ, ಸುಂಕದ ನಿರ್ಧಾರ ಬೆಲೆಯ ಪಟ್ಟಿಯಲ್ಲಿ ಇರುವುದಿಲ್ಲ. ಹೆಚ್ಚು ಕಾಡುವುದು ಆ ಸೋಮವಾರದ ನಂತರದ ಆರು ತಿಂಗಳು. ಮೊದಲು ಹೊರದೇಶದ ಉಕ್ಕಿನ ಬೆಲೆ ಏರಿದರೆ ಇಲ್ಲಿಯ ಕಾರ್ಖಾನೆ ರಫ್ತು ಮಾಡಬಹುದು, ಆ ಆಸೆಗೆ ಷೇರೂ ಏರುತ್ತಿತ್ತು. ಈ ನಂಟನ್ನು ಮಾಡೆಲ್ ಕಲಿತಿದೆ ಎನ್ನಿ. ಸುಂಕ ಬಂದ ಮೇಲೆ ಹೊರಗಿನ ಬೆಲೆ ಮೊದಲಿನಂತೆ ಏರಿಳಿಯುತ್ತಲೇ ಇರುತ್ತದೆ, ಸೂಚಕವನ್ನು ನೋಡಿದರೆ ಯಾವ ಅಸಹಜತೆಯೂ ಕಾಣುವುದಿಲ್ಲ. ಬದಲಾದದ್ದು ಸೂಚಕ ಅಲ್ಲ, ಸೂಚಕಕ್ಕೂ ಷೇರಿಗೂ ಇದ್ದ ನಂಟು. ಮಾಡೆಲ್ ಅದೇ ಆತ್ಮವಿಶ್ವಾಸದಿಂದ 'ಏರುತ್ತದೆ, ಸಂಭವ 0.64' ಎಂದು ಹೇಳುತ್ತಲೇ ಇರುತ್ತದೆ. ಇಂಥ ಬದಲಾವಣೆಯನ್ನು ಬರೀ ಸರಿ-ತಪ್ಪಿನ ಲೆಕ್ಕದಿಂದ ಹಿಡಿಯಹೊರಟರೆ, ಆರು ತಿಂಗಳಿಗೆ ಸಿಗುವ ಸ್ವತಂತ್ರ ಅವಧಿ 25. ಅಲುಗಾಟ ಶೇ. 10. ನಿಮಗೆ ಸಂಶಯ ಗಟ್ಟಿಯಾಗುವಷ್ಟರಲ್ಲಿ ಸುಂಕವೇ ಹೋಗಿರುತ್ತದೆ.

ತುಂಗಭದ್ರಾ ಅಣೆಕಟ್ಟಿಗೆ ನಾಳೆ ಎಷ್ಟು ಒಳಹರಿವು ಎಂದು ಅಂದಾಜು ಮಾಡಿದರೆ, ಹೊಳೆ ಆ ಅಂದಾಜನ್ನು ಓದಿ ತನ್ನ ಹರಿವು ಬದಲಿಸುವುದಿಲ್ಲ. ಮಾರುಕಟ್ಟೆ ಬದಲಿಸುತ್ತದೆ. ಸೋಮವಾರ ಏರುವ ಷೇರು ಗೊತ್ತಾದವರು ಹೆಚ್ಚಿದಷ್ಟೂ ಶುಕ್ರವಾರವೇ ಕೊಳ್ಳುತ್ತಾರೆ, ಸೋಮವಾರಕ್ಕೆ ಏರಲು ಏನೂ ಉಳಿಯುವುದಿಲ್ಲ. ಎಲ್ಲರಿಗೂ ಸಿಗುವ ದಿನದ ಬೆಲೆ, ಎಲ್ಲರೂ ಬಳಸುವ ಆರ್‌ಎಸ್‌ಐ, ಇವುಗಳಲ್ಲಿ ದಪ್ಪ ಲಾಭ ಉಳಿದಿರುತ್ತದೆ ಎಂಬ ನಿರೀಕ್ಷೆಯನ್ನೇ ನಾನು ಒಪ್ಪುವುದಿಲ್ಲ.

ರ‍್ಯಾಂಡಮ್ ಫಾರೆಸ್ಟ್‌ನದೇ ಒಂದು ದೌರ್ಬಲ್ಯವೂ ಇಲ್ಲಿ ಸೇರುತ್ತದೆ. ಬೆಲೆಯನ್ನೇ ನೇರ ಸೂಚಕವಾಗಿ ಕೊಟ್ಟಿದ್ದೀರಾ ನೋಡಿ. ಫಾರೆಸ್ಟ್‌ನ ಒಂದೊಂದು ಮರ ಎನ್ನುವುದು 'ಬೆಲೆ ಇಷ್ಟಕ್ಕಿಂತ ಹೆಚ್ಚೇ, ಕಡಿಮೆಯೇ' ಎಂಬ ಪ್ರಶ್ನೆಗಳ ಸರಣಿ. ಕಲಿಕೆಯ ಅವಧಿಯಲ್ಲಿ ಕಂಡ ಗರಿಷ್ಠ ಬೆಲೆ 800 ಆಗಿದ್ದರೆ, ಅದಕ್ಕೆ 900, 1,000, 1,100 ಎಲ್ಲವೂ ಒಂದೇ. ಮೂರೂ ಕೊನೆಯ ಎಲೆಯಲ್ಲೇ ಹೋಗಿ ಬೀಳುತ್ತವೆ. ಷೇರು ಹೊಸ ಎತ್ತರಕ್ಕೆ ಹೋದ ಮೇಲೆ ಆ ಸೂಚಕ ಸತ್ತಂತೆ. ಬೆಲೆಯ ಬದಲು ಶೇಕಡಾ ಬದಲಾವಣೆ, ಸರಾಸರಿಯಿಂದ ಇರುವ ದೂರ ಕೊಟ್ಟರೆ ಇದು ತಪ್ಪುತ್ತದೆ. ತಿದ್ದಲು ಅರ್ಧ ಗಂಟೆ ಸಾಕು.

ಎಲ್‌ಎಸ್‌ಟಿಎಂ ಏಕೆ ಬೇಡ ಎನ್ನುವುದಕ್ಕೂ ಎಣಿಕೆಯೇ ಉತ್ತರ. 10 ಸೂಚಕ, 64 ಘಟಕದ ಒಂದೇ ಪದರದ ಎಲ್‌ಎಸ್‌ಟಿಎಂನಲ್ಲಿ ಹೊಂದಿಸಬೇಕಾದ ಸಂಖ್ಯೆಗಳು 4 × (64 × 74 + 64), ಅಂದರೆ 19,200. ನಿಮ್ಮ 12 ವರ್ಷದ 3,000 ಸಾಲುಗಳಲ್ಲಿ ಸ್ವತಂತ್ರ ಉತ್ತರಗಳು 600. ಆರುನೂರು ಉತ್ತರಗಳನ್ನು ಹತ್ತೊಂಬತ್ತು ಸಾವಿರ ತಿರುಗಣೆಗಳಿಂದ ಹೊಂದಿಸಹೊರಟರೆ ಅದು ಗದ್ದಲವನ್ನೇ ಬಾಯಿಪಾಠ ಮಾಡುತ್ತದೆ. ಕಲಿಕೆಯ ಅಂಕ 90 ದಾಟಿ ನಿಮಗೆ ಖುಷಿಯಾಗುತ್ತದೆ, ಖಾತೆಯಲ್ಲಿ ಮತ್ತೆ 49.

ಮುಂದೆ ಮಾಡಬೇಕಾದದ್ದು ಹೀಗೆ. ದುಡ್ಡು ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೂರೋ ನಾಲ್ಕೋ ಸೂಚಕದ ಲಾಜಿಸ್ಟಿಕ್ ರಿಗ್ರೆಷನ್ ಕಟ್ಟಿ. ಪ್ರತಿ ಸೂಚಕ ಏಕೆ ಕೆಲಸ ಮಾಡಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಅದನ್ನು ತೆಗೆದುಹಾಕಿ. ಹಿಂದಿನ ನಾಲ್ಕು ವರ್ಷದಿಂದ ಕಲಿತು ಮುಂದಿನ ಆರು ತಿಂಗಳು ಪರೀಕ್ಷಿಸಿ, ಆರು ತಿಂಗಳು ಸರಿದು ಮತ್ತೆ ಅದನ್ನೇ ಮಾಡಿ. ನಾಲ್ಕು ವರ್ಷ ಎನ್ನುವುದು ಶಾಸ್ತ್ರವೇನಲ್ಲ. ಎರಡಕ್ಕೆ ಇಳಿಸಿದರೆ ಗದ್ದಲ ಹೆಚ್ಚುತ್ತದೆ, ಹತ್ತಕ್ಕೆ ಏರಿಸಿದರೆ ಸತ್ತುಹೋದ ನಂಟುಗಳು ಸೇರಿಕೊಳ್ಳುತ್ತವೆ. ಎರಡು, ನಾಲ್ಕು, ಆರು ಮೂರರಲ್ಲೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಕಡೆ ವಾಲಿದರೆ ನಂಬಲು ಸ್ವಲ್ಪ ಆಧಾರವಿದೆ. ನಾಲ್ಕರಲ್ಲಿ ಮಾತ್ರ ಲಾಭ, ಉಳಿದೆರಡರಲ್ಲಿ ನಷ್ಟ ಎಂದಾದರೆ ಅದು ಕಾಕತಾಳೀಯ. ಈ ಸಲ ಎಷ್ಟು ಸೆಟ್ಟಿಂಗ್ ನೋಡಿದಿರಿ ಎಂದು ಒಂದೂ ಬಿಡದೆ ಬರೆದಿಡಿ. ಆ ಸಂಖ್ಯೆ ಗೊತ್ತಿಲ್ಲದೆ ಕೊನೆಯ ಅಂಕಿಗೆ ಬೆಲೆ ಕಟ್ಟಲಾಗದು.

ದಿಕ್ಕಿಗಿಂತ ಊಹೆಗೆ ಹೆಚ್ಚು ಸಿಗುವ ಸಂಗತಿ ಒಂದಿದೆ, ಏರಿಳಿತದ ಗಾತ್ರ. ಜೋರು ದಿನಗಳ ಹಿಂದೆ ಜೋರು ದಿನಗಳು, ಶಾಂತ ದಿನಗಳ ಹಿಂದೆ ಶಾಂತ ದಿನಗಳು ಬರುವ ಸ್ವಭಾವ ಷೇರುಗಳಲ್ಲಿ ಬಹಳ ಕಾಲದಿಂದ ಇದೆ, ಮಾರುಕಟ್ಟೆಗಳು ಬದಲಾದರೂ ಇದು ಉಳಿದುಕೊಂಡಿದೆ. ನಿಮ್ಮ ಪ್ರೋಗ್ರಾಮನ್ನು ಇದಕ್ಕೆ ತಿರುಗಿಸಿ. ದಿನಕ್ಕೆ 1,000 ರೂಪಾಯಿಯ ಏರಿಳಿತ ತಡೆದುಕೊಳ್ಳುವ ಶಕ್ತಿ ನಿಮಗಿದ್ದರೆ, ಹಿಂದಿನ 20 ದಿನದ ಏರಿಳಿತ ಶೇ. 2 ಇರುವಾಗ 50,000 ಹಾಕಬಹುದು, ಅದು ಶೇ. 4ಕ್ಕೆ ಏರಿದಾಗ 25,000 ಮಾತ್ರ. ಇದರಿಂದ ಲಾಭ ಹುಟ್ಟುವುದಿಲ್ಲ. ಕೆಟ್ಟ ವಾರದಲ್ಲಿ ಕೈ ಸುಡುವುದು ಕಡಿಮೆಯಾಗುತ್ತದೆ.

ಮತ್ತೆ ಶುರು ಮಾಡುವುದಾದರೆ ತೀರಾ ಸಣ್ಣ ಮೊತ್ತದಲ್ಲಿ, ಮಾಡೆಲ್‌ನ ಒಂದು ಆವೃತ್ತಿಯನ್ನು ಗಟ್ಟಿ ಮಾಡಿ ಮುಟ್ಟದೆ ಇಟ್ಟು ಶುರು ಮಾಡಿ. ಪ್ರತಿ ಸಲ ಎರಡು ಬೆಲೆ ಬರೆದುಕೊಳ್ಳಿ: ಪರೀಕ್ಷೆಯ ಲೆಕ್ಕದಲ್ಲಿ ಸಿಗಬೇಕಿದ್ದದ್ದು, ಕೈಗೆ ಸಿಕ್ಕಿದ್ದು. ಸರಿ-ತಪ್ಪಿನ ಪ್ರಮಾಣ ತಿಳಿಯಲು ವರ್ಷಗಳು ಬೇಕು, ಈ ಬೆಲೆಗಳ ಅಂತರ ತಿಳಿಯಲು ಇಪ್ಪತ್ತು-ಮೂವತ್ತು ವಹಿವಾಟು ಸಾಕು. ಅದೇ ಸರಾಸರಿ ಶೇ. 0.1 ಮೀರಿದರೆ, ಮೇಲೆ ಲೆಕ್ಕ ಹಾಕಿದ 55ರ ಮಾಡೆಲ್‌ನಲ್ಲಿ ಏನೂ ಉಳಿಯುವುದಿಲ್ಲ, ಅಲ್ಲಿಗೇ ಕೈಬಿಡಿ. ಇದರ ಜೊತೆ ಪ್ರತಿದಿನ, ಇಂದಿನ ಸೂಚಕಗಳು ಕಲಿಕೆಯ ಡೇಟಾದ ಶೇ. 1ರಿಂದ ಶೇ. 99ರ ಗಡಿಯೊಳಗಿವೆಯೇ ಎಂದು ಪ್ರೋಗ್ರಾಮ್ ನೋಡಲಿ. ಒಂದಾದರೂ ಹೊರಗಿದ್ದರೆ ಆ ದಿನ ಕೊಳ್ಳುವುದು ಬೇಡ. ನಂಟೇ ಬದಲಾದರೆ ಈ ಗಡಿ ಪರೀಕ್ಷೆಗೆ ಅದು ಕಾಣುವುದಿಲ್ಲ, ಅದಕ್ಕೆ ಪತ್ರಿಕೆಯೇ ಗತಿ. ಅದಿರು, ಕಲ್ಲಿದ್ದಲು, ಉಕ್ಕು ಇವುಗಳ ಸುಂಕದಲ್ಲೋ ಗಣಿ ನಿಯಮದಲ್ಲೋ ಬದಲಾವಣೆಯ ಅಧಿಸೂಚನೆ ಬಂದ ದಿನ ಮಾಡೆಲ್ ಏನೇ ಹೇಳಲಿ, ಅದನ್ನು ಆಫ್ ಮಾಡಿ. ಆ ಬದಲಾವಣೆ ನಿಮ್ಮ ಯಾವ ಸೂಚಕದ ನಂಟನ್ನು ಮುಟ್ಟುತ್ತದೆ ಎಂದು ಕಾಗದದ ಮೇಲೆ ಬರೆದು, ಮುಟ್ಟಿದ ಸೂಚಕ ಕಿತ್ತು ಹಾಕಿ ಪರೀಕ್ಷೆ ಮತ್ತೆ ಓಡಿಸಿದ ಮೇಲಷ್ಟೇ ಆನ್ ಮಾಡಿ.